ದೊಡ್ಡವರಿಗೆ ಚಿಕನ್‌ಪಾಕ್ಸ್: ಡೊಂಬಿವಲಿ ಕ್ಲಿನಿಕ್ಕಿನಲ್ಲಿ ಪದೇ ಪದೇ ಕೇಳುವ ಪ್ರಶ್ನೆಗಳು

ಡೊಂಬಿವಲಿ ಪೂರ್ವದಲ್ಲಿ ನನ್ನದೊಂದು ಸಣ್ಣ ಕ್ಲಿನಿಕ್ ಇದೆ. ಬರುವವರಲ್ಲಿ ಕನ್ನಡದವರೇ ಜಾಸ್ತಿ. ಕುಂದಾಪುರ, ಉಡುಪಿ ಕಡೆಯ ಹೋಟೆಲ್ ಹುಡುಗರು, ವಿಜಯಪುರ, ಕಲಬುರಗಿಯಿಂದ ಕಟ್ಟಡ ಕೆಲಸಕ್ಕೆ ಬಂದವರು, ಇಲ್ಲಿಯೇ ಹುಟ್ಟಿ ಬೆಳೆದ ಆಫೀಸಿನವರು. ಪ್ರತಿ ವರ್ಷ ಚಳಿ ಮುಗಿದು ಬೇಸಿಗೆ ಏರುವ ಹೊತ್ತಿಗೆ, ಅಂದರೆ ಫೆಬ್ರವರಿಯಿಂದ ಏಪ್ರಿಲ್‌ವರೆಗೆ, ಮೈತುಂಬ ಗುಳ್ಳೆ ಎದ್ದ ದೊಡ್ಡವರು ಒಬ್ಬರಾದ ಮೇಲೆ ಒಬ್ಬರು ಬರುತ್ತಾರೆ. ಎಲ್ಲರೂ ಕೇಳುವುದು ತುರಿಕೆ ಬಗ್ಗೆ. ನನ್ನ ಕಣ್ಣು ಮಾತ್ರ ಅವರ ಉಸಿರಿನ ಮೇಲಿರುತ್ತದೆ. ಯಾಕೆ ಅನ್ನುವುದು ಕೆಳಗಿನ ಉತ್ತರಗಳಲ್ಲಿದೆ.

ಡಾಕ್ಟ್ರೇ, ಇದು ಮಕ್ಕಳ ಕಾಯಿಲೆ ಅಲ್ವಾ? ನನಗೆ 34 ವರ್ಷ.

ಮಕ್ಕಳಿಗೆ ಬರುವುದೇ ಹೆಚ್ಚು, ನಿಜ. ಆದರೆ ನಮ್ಮಂಥ ಬಿಸಿಲ ನಾಡಿನಲ್ಲಿ ಚಿಕ್ಕವರಿದ್ದಾಗ ತಪ್ಪಿಸಿಕೊಂಡು ದೊಡ್ಡವರಾದವರು ತುಂಬ ಜನ ಇದ್ದಾರೆ. ಊರಲ್ಲಿ ಒಂಟಿ ಮನೆಯಲ್ಲಿ ಬೆಳೆದ ಹುಡುಗ ಮುಂಬೈಗೆ ಬಂದು ಎಂಟು ಜನರ ರೂಮಿನಲ್ಲಿ ಮಲಗುತ್ತಾನೆ. ಬೆಳಗ್ಗೆ ಲೋಕಲ್ ಟ್ರೈನಿನಲ್ಲಿ ಇನ್ನೊಬ್ಬರ ಉಸಿರು ಕುಡಿಯುತ್ತಾ ಹೋಗುತ್ತಾನೆ. ಈ ವೈರಸ್‌ಗೆ ಬೇಕಾದದ್ದೂ ಅದೇ, ಏಕೆಂದರೆ ಅದು ಗಾಳಿಯಲ್ಲೇ ಹರಡುತ್ತದೆ.

ದೊಡ್ಡವರಿಗೆ ಬಂದಾಗ ಜ್ವರ ಜಾಸ್ತಿ, ಗುಳ್ಳೆ ಜಾಸ್ತಿ, ಶ್ವಾಸಕೋಶಕ್ಕೆ ಇಳಿಯುವ ಅಪಾಯವೂ ಮಕ್ಕಳಿಗಿಂತ ಎಷ್ಟೋ ಪಾಲು ಜಾಸ್ತಿ. ಹೆಚ್ಚಿನವರು ಹತ್ತು ಹನ್ನೆರಡು ದಿನದಲ್ಲಿ ಚೇತರಿಸಿಕೊಳ್ಳುತ್ತಾರೆ. ಆದರೆ ಸಿಗರೇಟು ಸೇದುವವರು, ಗರ್ಭಿಣಿಯರು, ಸ್ಟೀರಾಯ್ಡ್ ಮಾತ್ರೆ ನುಂಗುತ್ತಿರುವವರು, ಕ್ಯಾನ್ಸರ್ ಚಿಕಿತ್ಸೆಯಲ್ಲಿರುವವರು, ಎಚ್‌ಐವಿ ಇರುವವರು "ತಾನಾಗೇ ಹೋಗುತ್ತೆ ಬಿಡಿ" ಅಂತ ಕೂರುವ ಹಾಗಿಲ್ಲ.

ಸೊಳ್ಳೆ ಕಡಿದದ್ದೋ ಚಿಕನ್‌ಪಾಕ್ಸೋ ಅಂತ ಮೊದಲ ದಿನವೇ ಹೇಗೆ ಗೊತ್ತಾಗುತ್ತದೆ?

ಕಷ್ಟ. ನಾನೂ ಒಮ್ಮೆ ಎಡವಿದ್ದೇನೆ. ಒಬ್ಬ ಹೆಣ್ಣುಮಗಳ ಕುತ್ತಿಗೆಯ ಮೇಲಿನ ಎರಡು ಕೆಂಪು ಬೊಟ್ಟು ನೋಡಿ "ಸೊಳ್ಳೆ" ಅಂದು ಕಳಿಸಿದ್ದೆ. ಮರುದಿನ ಸಂಜೆ ಆಕೆ ಬಂದಾಗ ಬೆನ್ನಿನ ಮೇಲೆ ಲೆಕ್ಕ ಸಿಗದಷ್ಟು ಇದ್ದವು. ಅವತ್ತಿನಿಂದ ಜ್ವರದ ಜೊತೆ ಒಂದೇ ಒಂದು ಬೊಟ್ಟು ಕಂಡರೂ ಅಂಗಿ ಬಿಚ್ಚಿಸಿ ನೋಡುತ್ತೇನೆ, ಕೂದಲು ಬಿಡಿಸಿ ತಲೆಯನ್ನೂ ನೋಡುತ್ತೇನೆ. ಸೊಳ್ಳೆ ತಲೆಕೂದಲ ಒಳಗೆ, ಬನಿಯನ್ನಿನ ಅಡಿಗೆ ಹೋಗಿ ಕಡಿಯುವುದು ಅಪರೂಪ.

ದೊಡ್ಡವರಿಗೆ ಸಾಮಾನ್ಯವಾಗಿ ಮೊದಲು ಒಂದೆರಡು ದಿನ ಮೈಕೈ ನೋವು, ಚಳಿ, ಜ್ವರ ಬರುತ್ತದೆ. ಆಮೇಲೆ ಎದೆ, ಬೆನ್ನು, ಮುಖದ ಮೇಲೆ ಕೆಂಪು ಬೊಟ್ಟುಗಳು ಏಳುತ್ತವೆ. ಕೆಲವೇ ಗಂಟೆಗಳಲ್ಲಿ ಅದರ ನೆತ್ತಿಯಲ್ಲಿ ತೆಳ್ಳಗಿನ ನೀರಿನ ಹನಿ ಕೂತ ಹಾಗೆ ಕಾಣುತ್ತದೆ. ಎರಡು ಮೂರು ದಿನ ಹೊಸ ಹೊಸ ಗುಂಪು ಏಳುತ್ತಲೇ ಇರುತ್ತದೆ. ಹಾಗಾಗಿ ಅಂಗೈಯಗಲ ಜಾಗದಲ್ಲೇ ಹೊಸ ಬೊಟ್ಟು, ನೀರ್ಗುಳ್ಳೆ, ಒಣಗಿದ ಹಕ್ಕಳೆ ಮೂರೂ ಒಟ್ಟಿಗೆ ಸಿಗುತ್ತವೆ. ಇದೇ ಅದರ ಗುರುತು. ಗುಳ್ಳೆಗಳೆಲ್ಲ ಒಂದೇ ವಯಸ್ಸಿನವಾಗಿ, ಗಟ್ಟಿಯಾಗಿ, ಅಂಗೈ ಅಂಗಾಲಿನಲ್ಲೇ ಹೆಚ್ಚಾಗಿದ್ದರೆ ಬೇರೆ ಕಾಯಿಲೆ ಇರಬಹುದು. ಅನುಮಾನ ಇದ್ದರೆ ಗುಳ್ಳೆಯ ನೀರು ತೆಗೆದು ಪಿಸಿಆರ್ ಪರೀಕ್ಷೆ ಮಾಡಬಹುದು. ಹೆಚ್ಚಿನ ಸಲ ಅದರ ಅಗತ್ಯ ಬೀಳುವುದಿಲ್ಲ.

ಹೆಸರಿನ ಗೊಂದಲ ಬೇಡ. ನಮ್ಮವರು ಸಿಡುಬು, ಸೀತಾಳೆ ಸಿಡುಬು, ಅಮ್ಮ ಅನ್ನುತ್ತಾರೆ. ಪಕ್ಕದ ಮನೆಯ ಮರಾಠಿಯವರು ಕಾಂಜಿಣ್ಯಾ ಅನ್ನುತ್ತಾರೆ. ಹಿಂದಿನವರು ಹೆದರುತ್ತಿದ್ದ ದೊಡ್ಡ ಸಿಡುಬು ಬೇರೆಯದು. ಅದು ಭಾರತದಲ್ಲಿ ಕೊನೆಯದಾಗಿ ಕಂಡದ್ದು 1975ರಲ್ಲಿ. ಈಗ ಜಗತ್ತಿನಲ್ಲಿ ಎಲ್ಲೂ ಇಲ್ಲ.

ಊರಿಂದ ಅಮ್ಮ ಫೋನ್ ಮಾಡಿ "ಅಮ್ಮ ಬಂದಿದ್ದಾಳೆ, ಮದ್ದು ಮುಟ್ಟಬೇಡ ಮಗಾ" ಅಂತಾರೆ. ಏನು ಮಾಡಲಿ?

ಅತ್ಯಂತ ಹೆಚ್ಚು ಬರುವ ಪ್ರಶ್ನೆ ಇದು. ನಾನು ಅಮ್ಮಂದಿರ ಜೊತೆ ಜಗಳಕ್ಕೆ ಹೋಗುವುದಿಲ್ಲ. ಬೇವಿನ ಸೊಪ್ಪು ಹಾಸಿಗೆಯ ಪಕ್ಕ ಇರಲಿ, ಬಾಗಿಲಿಗೂ ಕಟ್ಟಿ. ಮನೆಯಲ್ಲಿ ಒಗ್ಗರಣೆ ಹಾಕುವುದಿಲ್ಲ ಅಂದರೆ ಸರಿ, ಬಾಯಿಹುಣ್ಣು ಇರುವವನಿಗೆ ಸಪ್ಪೆ ಊಟವೇ ಹಿತ. ಜನ ಬಂದು ಹೋಗುವುದನ್ನು ನಿಲ್ಲಿಸುವ ಪದ್ಧತಿಯಂತೂ ಬಹಳ ಒಳ್ಳೆಯದು.

ಮದ್ದು ಬೇಡ ಅನ್ನುವ ಒಂದು ಮಾತನ್ನು ಮಾತ್ರ ಒಪ್ಪಲಾರೆ. ಚಿಕನ್‌ಪಾಕ್ಸ್ ವೈರಸ್‌ನ ಮೇಲೆ ನೇರವಾಗಿ ಕೆಲಸ ಮಾಡುವ ಮಾತ್ರೆ ಇದೆ: ಏಸೈಕ್ಲೊವಿರ್. ಮೊದಲ ಗುಳ್ಳೆ ಕಂಡ 24 ಗಂಟೆಯೊಳಗೆ ಶುರು ಮಾಡಿದರೆ ಅದರ ಗುಣ ಚೆನ್ನಾಗಿ ಕಾಣುತ್ತದೆ. ಗುಳ್ಳೆ ಕಡಿಮೆ ಏಳುತ್ತವೆ, ಜ್ವರ ಬೇಗ ಇಳಿಯುತ್ತದೆ. ತಡವಾದಷ್ಟೂ ಲಾಭ ಕಡಿಮೆ. ಊರಿನ ಅಮ್ಮನಿಗೆ ಹೇಳಿ: "ಪೂಜೆ ನೀನು ಮಾಡು, ಮಾತ್ರೆ ನಾನು ತಗೊಳ್ತೇನೆ." ನನ್ನ ಅನುಭವದಲ್ಲಿ ಹೆಚ್ಚಿನ ಅಮ್ಮಂದಿರು ಇದಕ್ಕೆ ಒಪ್ಪುತ್ತಾರೆ.

ಆ ಮಾತ್ರೆಯನ್ನು ಹೇಗೆ ತೆಗೆದುಕೊಳ್ಳಬೇಕು?

ಡಾಕ್ಟರ್ ಚೀಟಿ ಬೇಕು, ಮೆಡಿಕಲ್‌ನಲ್ಲಿ ಸುಮ್ನೆ ಕೇಳಿ ತರುವುದಲ್ಲ. ಆರೋಗ್ಯವಾಗಿರುವ ದೊಡ್ಡವರಿಗೆ ರೂಢಿಯ ಲೆಕ್ಕ 800 ಮಿಲಿಗ್ರಾಂ ಮಾತ್ರೆ, ದಿನಕ್ಕೆ ಐದು ಸಲ, 7 ದಿನ. ಐದು ಸಲ ಅಂದಾಗ ಎಲ್ಲರೂ ಬೆಚ್ಚುತ್ತಾರೆ. ಬೆಳಗ್ಗೆ 6, 10, ಮಧ್ಯಾಹ್ನ 2, ಸಂಜೆ 6, ರಾತ್ರಿ 10 ಅಂತ ಫೋನಿನಲ್ಲಿ ಅಲಾರಂ ಇಟ್ಟುಕೊಳ್ಳಿ. ರಾತ್ರಿ ಎದ್ದು ನುಂಗಬೇಕಿಲ್ಲ. ಇದು ಆಗದವರಿಗೆ ವ್ಯಾಲಸೈಕ್ಲೊವಿರ್ ಅಂತ ದಿನಕ್ಕೆ ಮೂರೇ ಸಲದ ಮಾತ್ರೆ ಇದೆ, ಬೆಲೆ ಸ್ವಲ್ಪ ಜಾಸ್ತಿ.

ಈ ಮಾತ್ರೆ ಮೂತ್ರದಲ್ಲಿ ಹೊರಹೋಗುತ್ತದೆ. ನೀರು ಕಡಿಮೆಯಾದರೆ ಕಿಡ್ನಿಯಲ್ಲಿ ಹರಳುಗಟ್ಟಬಹುದು. ಏಪ್ರಿಲ್ ಸೆಕೆಯಲ್ಲಿ ಜ್ವರದ ಬೆವರೂ ಸೇರಿದರೆ ಕೇಳುವುದೇ ಬೇಡ. ಮೂತ್ರ ತಿಳಿ ಬಣ್ಣದಲ್ಲಿ ಹೋಗುವಷ್ಟು ನೀರು, ಮಜ್ಜಿಗೆ, ಗಂಜಿ ತಿಳಿ ಕುಡಿಯುತ್ತಿರಿ. ಕಿಡ್ನಿ ತೊಂದರೆ ಇರುವವರು ಮೊದಲೇ ಹೇಳಬೇಕು, ಅವರಿಗೆ ಪ್ರಮಾಣ ಕಡಿಮೆ ಮಾಡಬೇಕಾಗುತ್ತದೆ. ಇದೇ ಹೆಸರಿನ ಕ್ರೀಮ್ ತಂದು ಗುಳ್ಳೆಗೆ ಹಚ್ಚುವವರಿದ್ದಾರೆ. ಚಿಕನ್‌ಪಾಕ್ಸ್‌ಗೆ ಅದರಿಂದ ಪ್ರಯೋಜನ ಇಲ್ಲ.

ಜ್ವರಕ್ಕೆ ಏನು ನುಂಗಬಹುದು, ಏನು ಬಾರದು?

ಪ್ಯಾರಾಸಿಟಮಾಲ್ ಒಂದೇ. 650ರ ಒಂದು ಮಾತ್ರೆ, ಎರಡು ಮಾತ್ರೆಯ ನಡುವೆ ಆರು ಗಂಟೆ, ದಿನಕ್ಕೆ ನಾಲ್ಕಕ್ಕಿಂತ ಹೆಚ್ಚು ಬೇಡ. ಕುಡಿತ ಇರುವವರು, ಲಿವರ್ ತೊಂದರೆ ಇರುವವರು, ತೀರಾ ತೆಳ್ಳಗಿರುವವರು ಇನ್ನೂ ಕಡಿಮೆ ತೆಗೆದುಕೊಳ್ಳಬೇಕು, ಕೇಳಿಯೇ ನುಂಗಿ. ನೆಗಡಿ ಮಾತ್ರೆಗಳಲ್ಲೂ ಪ್ಯಾರಾಸಿಟಮಾಲ್ ಸೇರಿರುತ್ತದೆ. ಎರಡನ್ನೂ ನುಂಗಿದರೆ ಲೆಕ್ಕ ತಪ್ಪುತ್ತದೆ.

ಐಬುಪ್ರೊಫೆನ್ ಬೇಡ. ಚಿಕನ್‌ಪಾಕ್ಸ್ ಇರುವಾಗ ಅದನ್ನು ತೆಗೆದುಕೊಂಡವರಲ್ಲಿ ಚರ್ಮದ ಆಳಕ್ಕೆ ಇಳಿಯುವ ಕೆಟ್ಟ ಸೋಂಕು ಹೆಚ್ಚಾಗಿ ಕಂಡಿದೆ. ತೊಂದರೆ ಏನೆಂದರೆ, "ಮೈಕೈ ನೋವಿಗೆ ಕೊಡಿ" ಅಂದರೆ ಮೆಡಿಕಲ್‌ನವನು ಐಬುಪ್ರೊಫೆನ್ ಮತ್ತು ಪ್ಯಾರಾಸಿಟಮಾಲ್ ಎರಡೂ ಸೇರಿದ ಮಾತ್ರೆಯನ್ನೇ ಕೊಡುತ್ತಾನೆ. ಸ್ಟ್ರಿಪ್ಪಿನ ಹಿಂದೆ ಸಣ್ಣ ಅಕ್ಷರದಲ್ಲಿ ಏನಿದೆ ನೋಡಿ. ಆಸ್ಪಿರಿನ್ ಕೂಡ ಜ್ವರಕ್ಕೆ ಬೇಡ. ಹೃದಯಕ್ಕೆಂದು ದಿನಾ ಸಣ್ಣ ಆಸ್ಪಿರಿನ್ ನುಂಗುವವರು ತಾವಾಗಿ ನಿಲ್ಲಿಸಬಾರದು, ಕೊಟ್ಟ ಡಾಕ್ಟರಿಗೆ ಫೋನ್ ಮಾಡಿ.

ಜ್ವರವನ್ನು ಪೂರ್ತಿ ಇಳಿಸಲೇಬೇಕು ಅನ್ನುವ ಹಟ ಬೇಡ. 102ರಿಂದ 100ಕ್ಕೆ ಬಂದು, ಎದ್ದು ಕೂತು ಗಂಜಿ ಕುಡಿಯುವಂತಾದರೆ ಸಾಕು. ಒಂದು ಚೀಟಿಯಲ್ಲಿ ಹೊತ್ತು, ಜ್ವರ, ಮಾತ್ರೆ ಮೂರನ್ನೂ ಬರೆಯುತ್ತಾ ಹೋಗಿ. ಹೊಸ ಗುಳ್ಳೆ ಏಳುವಷ್ಟು ದಿನ ಜ್ವರ ಇರುತ್ತದೆ. ನಾಲ್ಕೈದನೇ ದಿನದ ಹೊತ್ತಿಗೆ ಇಳಿಮುಖ ಆಗಬೇಕು. ಎರಡು ದಿನ ಇಲ್ಲದೆ ಮತ್ತೆ ಏರಿತೋ, ಆ ಚೀಟಿ ಹಿಡಿದುಕೊಂಡು ಬನ್ನಿ. ಎಲ್ಲೋ ಕೀವು ಕಟ್ಟಿದೆ ಅಂತಲೇ ನಾನು ಹುಡುಕುತ್ತೇನೆ.

ಕ್ಯಾಲಮೈನ್ ಲೋಷನ್ ಎಷ್ಟು ಹಚ್ಚಿದರೂ ತುರಿಕೆ ಹೋಗಲ್ಲ. ಯಾಕೆ?

ಮೊದಲು ಬಾಟಲಿ ಅಲ್ಲಾಡಿಸಿದಿರಾ? ಕ್ಯಾಲಮೈನ್‌ನಲ್ಲಿ ಗುಲಾಬಿ ಪುಡಿ ಕೆಳಗೆ ಕೂತಿರುತ್ತದೆ, ಮೇಲೆ ತಿಳಿನೀರು ನಿಂತಿರುತ್ತದೆ. ಅಲ್ಲಾಡಿಸದೆ ಬಗ್ಗಿಸಿದರೆ ಬರುವುದು ನೀರು ಮಾತ್ರ. ಕಳೆದ ವರ್ಷ ಒಬ್ಬರು ಖಾಲಿಯಾಯಿತು ಅಂತ ತಂದ ಬಾಟಲಿಯ ತಳದಲ್ಲಿ ಎರಡು ಬೆರಳು ದಪ್ಪ ಗುಲಾಬಿ ಕೆಸರು ಹಾಗೇ ಇತ್ತು. ಪಾಪ, ಮೂರು ದಿನ ನೀರು ಹಚ್ಚಿಕೊಂಡಿದ್ದರು.

ಹತ್ತಿಯಲ್ಲಿ ಅದ್ದಿ ಗುಳ್ಳೆಯ ಮೇಲೆ ಒತ್ತಿ ಒತ್ತಿ ಇಡಿ, ಉಜ್ಜಬೇಡಿ. ಒಣಗುವವರೆಗೆ ಫ್ಯಾನಿನ ಕೆಳಗೆ ಕೂತಿರಿ. ಅದರ ಕೆಲಸವೇ ಅಷ್ಟು: ಒಣಗುವಾಗ ತಂಪಾಗುತ್ತದೆ, ಆ ತಂಪು ತುರಿಕೆಯನ್ನು ಸ್ವಲ್ಪ ಹೊತ್ತು ಮರೆಸುತ್ತದೆ. ಒಂದೆರಡು ಗಂಟೆಯಾದ ಮೇಲೆ ಮತ್ತೆ ಶುರುವಾಗುತ್ತದೆ, ಅದು ಲೋಷನ್ನಿನ ತಪ್ಪಲ್ಲ. ದಿನಕ್ಕೆ ಮೂರು ನಾಲ್ಕು ಸಲ ಹಚ್ಚಬಹುದು. ಆದರೆ ಒಣಗಿ ಬಿರುಕುಬಿಟ್ಟ ಹಳೆಯ ಪದರದ ಮೇಲೆ ಗೋಡೆಗೆ ಸುಣ್ಣ ಬಳಿದಂತೆ ಹಚ್ಚುತ್ತಾ ಹೋದರೆ ಚರ್ಮ ಬಿಗಿದು ತುರಿಕೆ ಇನ್ನೂ ಏರುತ್ತದೆ. ಸ್ನಾನದಲ್ಲಿ ಹಳೆಯದು ಕರಗಿ ಹೋಗಲಿ, ಆಮೇಲೆ ಹೊಸದು. ಬಾಟಲಿಯನ್ನು ಫ್ರಿಜ್ಜಿನ ಬಾಗಿಲಲ್ಲಿಟ್ಟರೆ ಇನ್ನೂ ಹಿತ. ಕಣ್ಣಿನ ಹತ್ತಿರ, ಬಾಯೊಳಗೆ, ಗುಪ್ತಾಂಗಕ್ಕೆ ಹಚ್ಚಬೇಡಿ. ತಲೆಗೂ ಬೇಡ, ಕೂದಲು ಗಂಟುಕಟ್ಟಿ ಬಿಡಿಸುವಾಗ ಹಕ್ಕಳೆ ಕಿತ್ತುಬರುತ್ತದೆ.

ರಾತ್ರಿಯ ತುರಿಕೆ ಲೋಷನ್ನಿಗೆ ಬಗ್ಗುವುದಿಲ್ಲ. ಅದಕ್ಕೆ ಮಾತ್ರೆ ಬೇಕು. ಸೆಟ್ರಿಜಿನ್ 10 ಮಿಲಿಗ್ರಾಂ ರಾತ್ರಿ ಒಂದು ನುಂಗಿದರೆ ಹೆಚ್ಚಿನವರಿಗೆ ನಿದ್ದೆ ಬರುತ್ತದೆ. ಸಾಲದಿದ್ದರೆ ಡಾಕ್ಟರ್ ಬೇರೆಯದು ಬರೆಯುತ್ತಾರೆ. ಬೆಳಗ್ಗೆ ಮಂಪರು ಉಳಿದಿರಬಹುದು, ಗಾಡಿ ಓಡಿಸಬೇಡಿ.

ಉಗುರು ಕತ್ತರಿಸಿ, ಅಂಚನ್ನು ಉಜ್ಜಿ ನುಣುಪು ಮಾಡಿ. ತಡೆಯಲಾರದಾಗ ಕೆರೆಯುವ ಬದಲು ಒದ್ದೆ ಬಟ್ಟೆಯಿಂದ ಒತ್ತಿ ಹಿಡಿಯಿರಿ, ಇಲ್ಲವೇ ಅಂಗೈಯಿಂದ ಮೆಲ್ಲಗೆ ತಟ್ಟಿ.

ಒಂದು ಎಚ್ಚರಿಕೆ. ತುರಿಕೆಗೆಂದು ಅಂಗಡಿಯಲ್ಲಿ ಸಿಗುವ ಟ್ಯೂಬ್‌ಗಳಲ್ಲಿ ಬಹಳಷ್ಟು ಸ್ಟೀರಾಯ್ಡ್ ಬೆರೆಸಿದವು. ಗಜಕರ್ಣಕ್ಕೆ ಅಂತ ಮನೆಯಲ್ಲಿ ಉಳಿದದ್ದೂ ಅದೇ ಜಾತಿ. ಚಿಕನ್‌ಪಾಕ್ಸ್ ಗುಳ್ಳೆಗೆ ಅದನ್ನು ಮುಟ್ಟಿಸಬೇಡಿ.

ಸ್ನಾನ ಮಾಡಬಹುದಾ? ಮನೆಯಲ್ಲಿ "ಏಳು ದಿನ ನೀರು ಹಾಕಬಾರದು" ಅಂತಾರೆ.

ದಿನಾ ಮಾಡಿ. ಮುಂಬೈಯ ಬೆವರಿನಲ್ಲಿ ಏಳು ದಿನ ಸ್ನಾನ ಇಲ್ಲ ಅಂದರೆ ಆ ತುರಿಕೆಯನ್ನು ಯೋಚಿಸಲೂ ಆಗದು. ಕೊಳೆಯಿಂದ ಗುಳ್ಳೆಗೆ ಕೀವು ಬೇರೆ. ಉಗುರುಬೆಚ್ಚಗಿನ ನೀರು, ಹತ್ತು ನಿಮಿಷ, ಉಜ್ಜುವ ಬ್ರಷ್ಷು ಬೇಡ. ಟವೆಲಿನಿಂದ ಒತ್ತಿ ಒರೆಸಿ. ನೀರಿಗೆ ಘಾಟು ವಾಸನೆಯ ಆಂಟಿಸೆಪ್ಟಿಕ್ ಸುರಿಯಬೇಡಿ, ಒಡೆದ ಗುಳ್ಳೆಗೆ ಉರಿ ಹತ್ತುತ್ತದೆ. ಬೇವಿನೆಲೆ ಕುದಿಸಿ ಆರಿಸಿದ ನೀರಾದರೆ ನನ್ನ ತಕರಾರಿಲ್ಲ. ಆದರೆ ಎಲೆಯಿಂದ ಮೈ ತಿಕ್ಕುವುದು, ಅರಿಸಿನ ಬೇವು ಅರೆದು ಗುಳ್ಳೆಗೆ ಮೆತ್ತುವುದು ಬೇಡ. ಮೆತ್ತಿದ ಮೇಲೆ ಅದರ ಅಡಿಯಲ್ಲಿ ಕೆಂಪಾಗುತ್ತಿದೆಯೋ ಕೀವಾಗುತ್ತಿದೆಯೋ ಕಾಣುವುದೇ ಇಲ್ಲ.

ಓಟ್ಸ್ ಇದ್ದರೆ ಒಂದು ಉಪಾಯ. ಒಂದು ಲೋಟ ಸಾದಾ ಓಟ್ಸನ್ನು ಮಿಕ್ಸಿಯಲ್ಲಿ ಹಿಟ್ಟು ಮಾಡಿ. ಚಿಟಿಕೆ ಹಿಟ್ಟು ನೀರಿಗೆ ಹಾಕಿದರೆ ನೀರು ಹಾಲಿನ ಹಾಗಾಗಬೇಕು, ಆಗದಿದ್ದರೆ ಇನ್ನೊಂದು ಸುತ್ತು ತಿರುಗಿಸಿ. ಅದನ್ನು ಹಳೆಯ ಪಂಚೆಯ ತುಂಡಿನಲ್ಲಿ ಕಟ್ಟಿ ಬಕೆಟ್ ನೀರಿನಲ್ಲಿ ಹಿಂಡಿ, ಕೊನೆಯ ನಾಲ್ಕು ಚೊಂಬು ಆ ನೀರನ್ನೇ ಹೊಯ್ದುಕೊಳ್ಳಿ. ಬಚ್ಚಲು ಜಾರುತ್ತದೆ, ಹುಷಾರು.

ಬಾಯೊಳಗೂ ಕೆಳಗೂ ಗುಳ್ಳೆ ಆಗಿದೆ. ಹೇಳಲು ನಾಚಿಕೆ.

ಎಲ್ಲರಿಗೂ ಆಗುತ್ತದೆ. ಬಾಯಿಗೆ ಉಪ್ಪು ನೀರು ಮುಕ್ಕಳಿಸಿ, ಖಾರ ಹುಳಿ ಬಿಡಿ, ತಣ್ಣನೆಯ ಮಜ್ಜಿಗೆ ಅನ್ನ ಒಳ್ಳೆಯದು. ಕೆಳಗೆ ತಣ್ಣೀರಿನಲ್ಲಿ ತೊಳೆದು ಒರೆಸದೆ ಆರಲು ಬಿಡಿ, ಸಡಿಲ ಹತ್ತಿ ಬಟ್ಟೆ ಅಥವಾ ಲುಂಗಿ ಸಾಕು. ಮೂತ್ರವೇ ಹೋಗುತ್ತಿಲ್ಲ ಅಂದರೆ, ಕಣ್ಣು ಕೆಂಪಾಗಿ ನೋವು ಬಂದರೆ, ಅವತ್ತೇ ತೋರಿಸಿ.

ನೀವು ಉಸಿರು ಉಸಿರು ಅಂತೀರಲ್ಲ, ಏನಾಗುತ್ತದೆ?

ಒಬ್ಬರ ಕಥೆ ಹೇಳುತ್ತೇನೆ. ಗುರುತು ಸಿಗದ ಹಾಗೆ ಒಂದೆರಡು ವಿವರ ಬದಲಿಸಿದ್ದೇನೆ. ಹೋಟೆಲೊಂದರ ಕ್ಯಾಶಿಯರ್, ವಯಸ್ಸು 34, ಕುಂದಾಪುರ ಕಡೆಯವರು. ದಿನಕ್ಕೆ ಹತ್ತು ಸಿಗರೇಟು. ಅವರ ರೂಮಿನಲ್ಲಿ ಅಡುಗೆಮನೆಯ ಹುಡುಗನೊಬ್ಬನಿಗೆ ಗುಳ್ಳೆ ಎದ್ದು ವಾರದಲ್ಲಿ ವಾಸಿಯಾಗಿತ್ತು. ಸರಿಯಾಗಿ ಎರಡು ವಾರದ ನಂತರ ಇವರಿಗೆ ಚಳಿಜ್ವರ. ಈ ಎರಡು ವಾರದ ಲೆಕ್ಕ ನೆನಪಿಡಿ: ಸೋಂಕು ತಗುಲಿದ 10ರಿಂದ 21 ದಿನದೊಳಗೆ ಕಾಯಿಲೆ ಕಾಣುತ್ತದೆ.

ಸೋಮವಾರ ಸಂಜೆ ಎದೆಯ ಮೇಲೆ ಗುಳ್ಳೆ ಕಂಡಿತು. ಊರಿನಿಂದ ಫೋನ್ ಬಂತು, ಮದ್ದು ಬೇಡ ಅಂದರು. ಬುಧವಾರ ರಾತ್ರಿ ನನ್ನ ಹತ್ತಿರ ಬಂದಾಗ ಜ್ವರ 103, ಮುಖ ಗುರುತು ಸಿಗದಷ್ಟು ಗುಳ್ಳೆ. ಮೊದಲ 24 ಗಂಟೆ ದಾಟಿ ಹೋಗಿತ್ತು. ಆದರೂ ಸೇದುವ ವ್ಯಕ್ತಿ, ಹೊಸ ಗುಳ್ಳೆ ಇನ್ನೂ ಏಳುತ್ತಿವೆ ಅಂತ ಏಸೈಕ್ಲೊವಿರ್ ಶುರು ಮಾಡಿದೆ. ಆಕ್ಸಿಜನ್ 97 ಇತ್ತು. ಕೊರೋನಾ ಕಾಲದಲ್ಲಿ ಕೊಂಡ ಆಕ್ಸಿಮೀಟರ್ ಹೋಟೆಲಿನಲ್ಲಿ ಇದೆ ಅಂದರು. ದಿನಕ್ಕೆ ಮೂರು ಸಲ ನೋಡಿ, ಕೆಮ್ಮು ಬಂದರೆ ಫೋನ್ ಮಾಡಿ ಅಂದೆ.

ಗುರುವಾರ ರಾತ್ರಿ ಒಣ ಕೆಮ್ಮು ಶುರುವಾಯಿತು. "ಫ್ಯಾನಿನ ಗಾಳಿ" ಅಂದುಕೊಂಡು ಫೋನ್ ಮಾಡಲಿಲ್ಲ. ಶುಕ್ರವಾರ ಮಧ್ಯಾಹ್ನ ಒಂದು ಮಹಡಿ ಹತ್ತುವಷ್ಟರಲ್ಲಿ ಏದುಸಿರು. ಜೊತೆಗಿದ್ದ ಹುಡುಗ ಗಾಬರಿಯಾಗಿ ನನಗೆ ಫೋನ್ ಮಾಡಿದ: "ಡಾಕ್ಟ್ರೇ, ಅಣ್ಣ ಮಾತಾಡುವಾಗ ನಡುನಡುವೆ ನಿಲ್ಲಿಸ್ತಾರೆ." ಆ ಒಂದು ಮಾತು ನನಗೆ ಸಾಕಾಯಿತು. ಆಕ್ಸಿಜನ್ 92, ಉಸಿರು ನಿಮಿಷಕ್ಕೆ 28. ಮುಖದ ಗುಳ್ಳೆಗಳು ಮಾತ್ರ ಒಣಗುತ್ತಿದ್ದವು, ನೋಡಿದವರಿಗೆ ವಾಸಿಯಾಗುತ್ತಿದ್ದಂತೆ ಕಾಣುತ್ತಿತ್ತು.

ಆಸ್ಪತ್ರೆಯಲ್ಲಿ ತೆಗೆದ ಎಕ್ಸ್‌ರೇಯಲ್ಲಿ ಎರಡೂ ಕಡೆ ಚುಕ್ಕೆ ಚುಕ್ಕೆಯಾಗಿ ಮೋಡ ಕಟ್ಟಿತ್ತು. ವೈರಸ್ ಶ್ವಾಸಕೋಶಕ್ಕೆ ಇಳಿದಿತ್ತು. ಅಲ್ಲಿ ಏಸೈಕ್ಲೊವಿರ್ ಅನ್ನು ಎಂಟು ಗಂಟೆಗೊಮ್ಮೆ ರಕ್ತನಾಳದ ಮೂಲಕ ಕೊಟ್ಟರು, ಆಕ್ಸಿಜನ್ ಇಟ್ಟರು. ಎಂಟು ದಿನಕ್ಕೆ ಮನೆಗೆ ಬಂದರು. ಇನ್ನೊಂದು ರಾತ್ರಿ "ಫ್ಯಾನಿನ ಗಾಳಿ" ಅಂದಿದ್ದರೆ ವೆಂಟಿಲೇಟರ್‌ವರೆಗೆ ಹೋಗುತ್ತಿತ್ತು ಅಂತ ನನಗೆ ಈಗಲೂ ಅನಿಸುತ್ತದೆ.

ಈ ನ್ಯುಮೋನಿಯಾ ಸಾಮಾನ್ಯವಾಗಿ ಗುಳ್ಳೆ ಎದ್ದ ಮೊದಲ ವಾರದೊಳಗೇ ಬರುತ್ತದೆ. ಹಾಗಾಗಿ ಏಳು ದಿನ ಬೆಳಗ್ಗೆ, ಮಧ್ಯಾಹ್ನ, ರಾತ್ರಿ ಮೂರು ಹೊತ್ತು ಎರಡು ಕೆಲಸ ಮಾಡಿ. ಸುಮ್ಮನೆ ಕೂತಾಗ ಪೂರ್ತಿ ಒಂದು ನಿಮಿಷ ಉಸಿರು ಎಣಿಸಿ. 24 ದಾಟಿದರೆ ಸರಿಯಿಲ್ಲ. ಆಕ್ಸಿಮೀಟರ್ ಬೆರಳಿಗೆ ಹಾಕಿ, ಒಮ್ಮೆ ಕೂತು, ಇನ್ನೊಮ್ಮೆ ರೂಮಿನಲ್ಲೇ ಕೆಲವು ನಿಮಿಷ ನಡೆದು ನೋಡಿ. 94ಕ್ಕಿಂತ ಕೆಳಗೆ ಬಂದರೂ, ನಡೆದಾಗ ನಾಲ್ಕು ಅಂಕ ಬಿದ್ದರೂ ಹೊರಡಿ. ಅಂಕ ಚೆನ್ನಾಗಿದ್ದೂ ಎದೆನೋವು, ಕಫದಲ್ಲಿ ರಕ್ತ, ಹೆಚ್ಚುತ್ತಿರುವ ಕೆಮ್ಮು ಇದ್ದರೆ ಕಾಯಬೇಡಿ. ಸಿಗರೇಟನ್ನು ಇವತ್ತೇ ಬಿಡಿ ಅಂತ ಬೇರೆ ಹೇಳಬೇಕಿಲ್ಲ.

ಉಸಿರು ಬಿಟ್ಟು ಬೇರೆ ಯಾವುದಕ್ಕೆ ಹೆದರಬೇಕು?

ಚರ್ಮಕ್ಕೆ. ಗುಳ್ಳೆಯ ಸುತ್ತ ಸಣ್ಣ ಕೆಂಪು ಉಂಗುರ ಇರುವುದು ಸಹಜ. ಆ ಕೆಂಪು ಹರಡುತ್ತಾ ಹೋಗಿ, ಮುಟ್ಟಿದರೆ ಬಿಸಿ, ಗಟ್ಟಿ, ನೋವು ಅಂದರೆ ಬ್ಯಾಕ್ಟೀರಿಯಾ ಸೇರಿದೆ. ಬಾಲ್ ಪೆನ್ನಿನಿಂದ ಕೆಂಪಿನ ಅಂಚಿಗೆ ಗೆರೆ ಎಳೆದಿಡಿ. ಕೆಲವು ಗಂಟೆಯಲ್ಲಿ ಗೆರೆ ದಾಟಿದರೆ ಆ್ಯಂಟಿಬಯೋಟಿಕ್ ಬೇಕು. ನೋಡಲು ಸಣ್ಣ ಜಾಗ, ನೋವು ಮಾತ್ರ ಕೂಗಿಕೊಳ್ಳುವಷ್ಟು ಅಂದರೆ ರಾತ್ರಿಯಾದರೂ ಆಸ್ಪತ್ರೆಗೆ ಹೋಗಿ.

ಇನ್ನೊಂದು ತಲೆಗೆ ಸಂಬಂಧಿಸಿದ್ದು. ತಡೆಯಲಾರದ ತಲೆನೋವು, ಕತ್ತು ಬಗ್ಗಿಸಲಾಗದಿರುವುದು, ನಿಲ್ಲದ ವಾಂತಿ, ಕುಡಿದವರಂತೆ ತೂರಾಡುವುದು, ಏನೇನೋ ಮಾತಾಡುವುದು, ಎಬ್ಬಿಸಿದರೂ ಏಳದಿರುವುದು, ಫಿಟ್ಸ್. ಇದು ರೋಗಿಗೆ ತಾನೇ ಗೊತ್ತಾಗುವುದಿಲ್ಲ, ಜೊತೆಗಿರುವವರು ಗಮನಿಸಬೇಕು. ಹಾಗೆಯೇ ಗುಳ್ಳೆಯ ನೀರು ಕಪ್ಪು ಕೆಂಪಾದರೆ, ವಸಡಿನಲ್ಲಿ ರಕ್ತ ಬಂದರೆ, ಕಣ್ಣು ಹಳದಿಯಾದರೆ ಅವತ್ತೇ ಬನ್ನಿ.

ಹೋಗುವುದಾದರೆ ಎಲ್ಲಿಗೆ, ಹೇಗೆ?

ಲೋಕಲ್ ಟ್ರೈನ್ ಬೇಡ, ಶೇರ್ ಆಟೋ ಬೇಡ. ಉಸಿರಿನ ತೊಂದರೆ ಇದ್ದರೆ 108ಕ್ಕೆ ಫೋನ್ ಮಾಡಿ, ಮಹಾರಾಷ್ಟ್ರದಲ್ಲೂ ಗೋವಾದಲ್ಲೂ ಅದೇ ನಂಬರ್. ಮುಂಬೈಯಲ್ಲಿ ಸಾತ್ ರಸ್ತಾ ಹತ್ತಿರದ ಕಸ್ತೂರ್ಬಾ ಆಸ್ಪತ್ರೆ ಅಂಟುರೋಗಗಳಿಗೆಂದೇ ಇರುವ ಪಾಲಿಕೆ ಆಸ್ಪತ್ರೆ. ಪುಣೆಯಲ್ಲಿ ನಾಯ್ಡು ಆಸ್ಪತ್ರೆ ಇದೆ. ಗೋವಾದಲ್ಲಿ ಬಾಂಬೋಲಿಮ್‌ನ ಮೆಡಿಕಲ್ ಕಾಲೇಜು. ಉಸಿರು ಕಟ್ಟುತ್ತಿದ್ದರೆ ಮಾತ್ರ ಹೆಸರು ಹುಡುಕಬೇಡಿ, ಆಕ್ಸಿಜನ್ ಇರುವ ಹತ್ತಿರದ ದೊಡ್ಡ ಆಸ್ಪತ್ರೆ ಸಾಕು. ಯಾವ ಕ್ಲಿನಿಕ್ಕಿಗೆ ಹೋದರೂ ಮಾಸ್ಕ್ ಹಾಕಿ, ಒಳಗೆ ಬರುವ ಮೊದಲು ಫೋನ್ ಮಾಡಿ. ನನ್ನ ಹೊರಗಿನ ಬೆಂಚಿನಲ್ಲಿ ಗರ್ಭಿಣಿಯೊಬ್ಬಳು ಕೂತಿರಬಹುದು.

ಎಂಟು ಜನರ ರೂಮು. ಪಾತ್ರೆ ಬೇರೆ ಇಟ್ಟರೆ ಸಾಕಾ?

ಪಾತ್ರೆ ಬೇರೆ ಇಟ್ಟರೆ ಮನಸ್ಸಿಗೆ ಸಮಾಧಾನ ಅಷ್ಟೇ. ಹರಡುವುದು ಗಾಳಿಯಿಂದ, ಗುಳ್ಳೆಯ ನೀರಿನಿಂದ. ಅದೂ ಗುಳ್ಳೆ ಏಳುವ ಒಂದೆರಡು ದಿನ ಮೊದಲಿನಿಂದಲೇ. ನಿಮಗೆ ಗೊತ್ತಾಗುವಷ್ಟರಲ್ಲಿ ಪಕ್ಕದ ಹಾಸಿಗೆಗೆ ತಲುಪಿರುತ್ತದೆ. ಹಾಗಾಗಿ ಮೊದಲು ಕೇಳಬೇಕಾದದ್ದು: ಯಾರಿಗೆ ಹಿಂದೆ ಆಗಿದೆ, ಯಾರಿಗೆ ಆಗಿಲ್ಲ? ಆಗಿರುವವರು ಆರೈಕೆ ಮಾಡಲಿ. ಆಗದವರು ಬೇರೆ ಕಡೆ ಮಲಗಲಿ, ಆದರೆ ಗರ್ಭಿಣಿ ಅಥವಾ ಎಳೆ ಮಗು ಇರುವ ಮನೆಗೆ ಹೋಗದಿರಲಿ.

ಆಗದವರಿಗೆ ಲಸಿಕೆ ಇದೆ. ಸೋಂಕಿನ ಸಂಪರ್ಕವಾದ ಮೂರು ದಿನದೊಳಗೆ, ಹೆಚ್ಚೆಂದರೆ ಐದು ದಿನದೊಳಗೆ ಹಾಕಿಸಿದರೆ ಕಾಯಿಲೆ ತಪ್ಪಬಹುದು ಅಥವಾ ಹಗುರಾಗಬಹುದು. ಎರಡನೇ ಡೋಸ್ ನಾಲ್ಕರಿಂದ ಎಂಟು ವಾರದ ನಂತರ. ಸರ್ಕಾರದ ಉಚಿತ ಲಸಿಕೆಗಳ ಪಟ್ಟಿಯಲ್ಲಿ ಇದಿಲ್ಲ, ದುಡ್ಡು ಕೊಟ್ಟು ಹಾಕಿಸಿಕೊಳ್ಳಬೇಕು. ಮೇಲೆ ಹೇಳಿದ ಕ್ಯಾಶಿಯರ್ ರೂಮಿನಲ್ಲಿ ಇಬ್ಬರಿಗೆ ಹಿಂದೆ ಆಗಿರಲಿಲ್ಲ. ಊರಿಂದ ಮಂಗಳವಾರ ವಾಪಸ್ ಬಂದ ಒಬ್ಬನಿಗೆ ಗುರುವಾರ ಲಸಿಕೆ ಹಾಕಿದೆ, ಅವನಿಗೆ ಏನೂ ಆಗಲಿಲ್ಲ. ಮೊದಲಿನಿಂದ ಜೊತೆಗಿದ್ದ ಇನ್ನೊಬ್ಬ "ನೋಡೋಣ" ಅಂದ. ಎರಡು ವಾರಕ್ಕೆ ಗುಳ್ಳೆ ಎದ್ದಿತು. ಅವನು ಮಾತ್ರ ಮೊದಲ ಗುಳ್ಳೆ ಕಂಡ ಮೂರೇ ಗಂಟೆಯಲ್ಲಿ ಕ್ಲಿನಿಕ್ಕಿನ ಬಾಗಿಲಲ್ಲಿದ್ದ!

ಹೆಂಡತಿ ಏಳು ತಿಂಗಳ ಗರ್ಭಿಣಿ. ನೋಡಿಕೊಳ್ಳಲು ಊರಿಂದ ಬರುತ್ತೇನೆ ಅಂತಾಳೆ.

ಬರುವುದು ಬೇಡ. ಅವರಿಗೆ ಹಿಂದೆ ಖಂಡಿತ ಆಗಿದೆ ಅಂತ ಗೊತ್ತಿಲ್ಲದಿದ್ದರೆ ಹತ್ತಿರ ಸುಳಿಯಲೇಬಾರದು. ಗರ್ಭಿಣಿಗೆ ಈ ಲಸಿಕೆ ಹಾಕುವಂತಿಲ್ಲ. ಈಗಾಗಲೇ ಒಂದೇ ಕೋಣೆಯಲ್ಲಿ ಇದ್ದಾಗಿದೆ ಅಂದರೆ ಇವತ್ತೇ ಹೆರಿಗೆ ಡಾಕ್ಟರಿಗೆ ಹೇಳಿ. ಹಿಂದೆ ಆಗಿತ್ತೇ ಅಂತ ರಕ್ತ ಪರೀಕ್ಷೆಯಲ್ಲಿ ತಿಳಿಯುತ್ತದೆ. ಆಗಿಲ್ಲದಿದ್ದರೆ ಹತ್ತು ದಿನದೊಳಗೆ ಕೊಡುವ ಒಂದು ವಿಶೇಷ ಇಂಜೆಕ್ಷನ್ ಇದೆ. ಹೆರಿಗೆಯ ಐದು ದಿನ ಮೊದಲಿನಿಂದ ಎರಡು ದಿನ ನಂತರದವರೆಗೆ ತಾಯಿಗೆ ಗುಳ್ಳೆ ಎದ್ದರೆ ಹಸುಗೂಸಿಗೆ ತುಂಬ ಅಪಾಯ.

ಕೆಲಸಕ್ಕೆ ಯಾವಾಗ ಹೋಗಬಹುದು? ಸಾಹುಕಾರರು ಐದು ದಿನ ರಜೆ ಕೊಟ್ಟಿದ್ದಾರೆ.

ದಿನ ಎಣಿಸಬೇಡಿ, ಗುಳ್ಳೆ ನೋಡಿ. ಹೊಸದು ಏಳುವುದು ನಿಂತು, ಕೊನೆಯ ಗುಳ್ಳೆಯೂ ಒಣಗಿ ಹಕ್ಕಳೆಯಾದ ಮೇಲೆ ಹೋಗಬಹುದು. ಹಕ್ಕಳೆ ಉದುರುವವರೆಗೆ ಕಾಯಬೇಕಿಲ್ಲ, ಅದರಿಂದ ಹರಡುವುದಿಲ್ಲ. ದೊಡ್ಡವರಿಗೆ ಇದಕ್ಕೆ ಏಳರಿಂದ ಹತ್ತು ದಿನ ಬೇಕು. ಸಾಹುಕಾರರು ಕೇಳಿದರೆ ನಾನು ಸರ್ಟಿಫಿಕೇಟ್ ಬರೆದುಕೊಡುತ್ತೇನೆ. ಹೋಟೆಲಿನಲ್ಲಿ ಊಟಕ್ಕೆ ಬರುವವರಲ್ಲೂ ಗರ್ಭಿಣಿಯರು ಇರುತ್ತಾರೆ ಅಂದರೆ ಅವರಿಗೂ ಅರ್ಥವಾಗುತ್ತದೆ.

ಕಲೆ ಹೋಗುತ್ತದಾ?

ಕಪ್ಪು ಕಲೆ ಕೆಲವು ತಿಂಗಳಲ್ಲಿ ಮಾಸುತ್ತದೆ, ಬಿಸಿಲು ತಪ್ಪಿಸಿದರೆ ಬೇಗ. ಕಿತ್ತ ಹಕ್ಕಳೆಯ ಜಾಗದಲ್ಲಿ, ಕೀವಾದ ಜಾಗದಲ್ಲಿ ಬೀಳುವ ಗುಳಿ ಮಾತ್ರ ಉಳಿಯುತ್ತದೆ.

ಒಮ್ಮೆ ಬಂದರೆ ಮತ್ತೆ ಬರುವುದಿಲ್ಲ ಅಲ್ವಾ?

ಚಿಕನ್‌ಪಾಕ್ಸ್ ಆಗಿ ಮತ್ತೆ ಬರುವುದು ಅಪರೂಪ. ಆದರೆ ವೈರಸ್ ಮೈಬಿಟ್ಟು ಹೋಗುವುದಿಲ್ಲ, ನರಗಳ ಬುಡದಲ್ಲಿ ಮಲಗಿರುತ್ತದೆ. ಎಷ್ಟೋ ವರ್ಷದ ಮೇಲೆ, ವಯಸ್ಸಾದಾಗ ಅಥವಾ ಮೈ ಸೋತಾಗ, ಒಂದೇ ನರದ ದಾರಿ ಹಿಡಿದು ಸೊಂಟದ ಒಂದು ಪಕ್ಕಕ್ಕೋ ಎದೆಯ ಒಂದು ಪಕ್ಕಕ್ಕೋ ಗುಳ್ಳೆಯಾಗಿ ಏಳಬಹುದು. ನಮ್ಮಲ್ಲಿ ಸರ್ಪಸುತ್ತು, ಇಲ್ಲಿಯವರ ಬಾಯಲ್ಲಿ ನಾಗೀಣ. ಮೈಯ ಒಂದೇ ಪಕ್ಕದಲ್ಲಿ ಉರಿ, ಆಮೇಲೆ ಪಟ್ಟಿಯಂತೆ ಗುಳ್ಳೆ ಕಂಡರೆ ಅದೇ. ಅದಕ್ಕೂ ಇದೇ ಮಾತ್ರೆ, 72 ಗಂಟೆಯೊಳಗೆ ಬಂದರೆ ಒಳ್ಳೆಯದು. ಹಣೆಗೆ, ಕಣ್ಣಿನ ಹತ್ತಿರಕ್ಕೆ ಬಂದಿದ್ದರೆ ನನ್ನ ಬಾಗಿಲು ತೆರೆಯುವವರೆಗೂ ಕಾಯದೆ ಕಣ್ಣಿನ ಡಾಕ್ಟರ ಹತ್ತಿರ ಹೋಗಿ.